C ಎಲ್ಲಿಗೆ ಹೋಯಿತು?

sin x cos x ಅನ್ನು ಇಂಟಿಗ್ರೇಟ್ ಮಾಡಿ ಎಂದು ಇಬ್ಬರು ಪಿಯುಸಿ ವಿದ್ಯಾರ್ಥಿಗಳಿಗೆ ಹೇಳಿದರೆ ಎರಡು ಉತ್ತರ ಬರಬಹುದು. ಒಬ್ಬಳು u = sin x ಎಂದು ಇಟ್ಟುಕೊಂಡು ½ sin²x ಎನ್ನುತ್ತಾಳೆ. ಇನ್ನೊಬ್ಬಳು u = cos x ಎಂದು ಇಟ್ಟುಕೊಂಡು −½ cos²x ಎನ್ನುತ್ತಾಳೆ. ಮೊದಲನೆಯದು ಸೊನ್ನೆಗಿಂತ ಕೆಳಗೆ ಇಳಿಯುವುದೇ ಇಲ್ಲ, ಎರಡನೆಯದು ಸೊನ್ನೆಗಿಂತ ಮೇಲೆ ಏರುವುದೇ ಇಲ್ಲ. ಆದರೂ ಎರಡೂ ಸರಿ. ಇದನ್ನು ಎಷ್ಟು ಸಲ ನೋಡಿದರೂ ನನ್ನ ಬೆರಗು ಕಡಿಮೆಯಾಗಿಲ್ಲ.

sin²x + cos²x = 1 ಆದ್ದರಿಂದ ಆ ಎರಡು ಉತ್ತರಗಳ ನಡುವಿನ ಅಂತರ ಎಲ್ಲೆಲ್ಲೂ ಸರಿಯಾಗಿ ಅರ್ಧ. ಒಂದೇ ವಕ್ರರೇಖೆಯನ್ನು ಅರ್ಧದಷ್ಟು ಕೆಳಕ್ಕೆ ಸರಿಸಿದಂತೆ. ಅನಿರ್ದಿಷ್ಟ ಇಂಟಿಗ್ರಲ್ ಕೇಳುವುದು, ‘ಪ್ರತಿ ಬಿಂದುವಿನಲ್ಲೂ ಇಷ್ಟೇ ಇಳಿಜಾರು ಇರುವ ಫಲನ ಯಾವುದು?’ ಎಂದು. ಇಳಿಜಾರಿಗೆ ಎತ್ತರ ಗೊತ್ತಿಲ್ಲ. ಹಾಗಾಗಿ ಒಂದು ವಕ್ರರೇಖೆ ಸಿಕ್ಕಿತೆಂದರೆ, ಅದನ್ನು ಮೇಲಕ್ಕೋ ಕೆಳಕ್ಕೋ ಎಷ್ಟು ಸರಿಸಿದರೂ ಸಿಗುವುದು ಇನ್ನೊಂದು ಸರಿಯುತ್ತರವೇ. ಕೊನೆಯಲ್ಲಿ ಬರೆಯುವ + C ಈ ಇಡೀ ಕುಟುಂಬದ ಗುರುತು.

ಈಗ ಅದೇ ಫಲನಕ್ಕೆ ಎರಡು ಮಿತಿ ಹಾಕಿ: 0ಯಿಂದ π/2ವರೆಗೆ. ಕೇಳುತ್ತಿರುವುದು ಈಗ ಫಲನವನ್ನಲ್ಲ, ಆ ವಕ್ರರೇಖೆಯ ಕೆಳಗೆ ಎಷ್ಟು ಜಾಗ ಕೂಡಿತು ಎಂಬುದನ್ನು. ಮೊದಲ ಉತ್ತರದಿಂದ ½ − 0, ಅಂದರೆ ½. ಎರಡನೆಯದರಿಂದ 0 − (−½), ಅದೂ ½. ಕುಟುಂಬದ ಯಾವ ಸದಸ್ಯನನ್ನು ಕರೆದು ಕೇಳಿದರೂ ಅದೇ ಮಾತು. ಮೈಸೂರು ರಸ್ತೆಯ ಮೈಲಿಗಲ್ಲುಗಳ ಎಣಿಕೆ ಎಲ್ಲಿಂದ ಶುರುವಾದರೂ ಮಂಡ್ಯಕ್ಕೂ ಶ್ರೀರಂಗಪಟ್ಟಣಕ್ಕೂ ನಡುವಿನ ದೂರ ಬದಲಾಗದು. ಹಾಗೆಯೇ C ಎರಡೂ ತುದಿಗಳಲ್ಲಿ ಬಂದು, ಕಳೆಯುವಾಗ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಉಳಿಯುವ ಸಂಖ್ಯೆಯಲ್ಲಿ x ಕೂಡ ಇಲ್ಲ.

ಇಷ್ಟು ಬೇರೆಯಾದ ಎರಡಕ್ಕೂ ಬರೆಯುವ ಚಿಹ್ನೆ ಮಾತ್ರ ಒಂದೇ. ಆ ಉದ್ದನೆಯ ∫ ಅನ್ನು ಲೈಬ್‌ನಿಟ್ಸ್ 1675ರ ಅಕ್ಟೋಬರ್‌ನಲ್ಲಿ ತನ್ನ ಹಸ್ತಪ್ರತಿಯಲ್ಲಿ ಬರೆದ. ಅದರ ಕೆಳಗೂ ಮೇಲೂ ಮಿತಿಗಳನ್ನು ಬರೆಯುವ ರೂಢಿಯನ್ನು ತಂದವನು ಫೂರಿಯೇ. ಉಷ್ಣದ ಬಗ್ಗೆ ಅವನ ದೊಡ್ಡ ಪುಸ್ತಕ ಹೊರಬಂದದ್ದು 1822ರಲ್ಲಿ. ಆ ಎರಡು ಪುಟ್ಟ ಅಂಕೆಗಳಿದ್ದರೆ ಸಂಖ್ಯೆ, ಇಲ್ಲದಿದ್ದರೆ ಕುಟುಂಬ.

ಆದರೆ C ಅಳಿಸಿಹೋಗಲು ಒಂದು ಷರತ್ತಿದೆ. 1/x² ಅನ್ನು −1ರಿಂದ 1ರವರೆಗೆ ಇಂಟಿಗ್ರೇಟ್ ಮಾಡಲು ಹೊರಡಿ. ಕುಟುಂಬದ ಒಬ್ಬ ಸದಸ್ಯ −1/x. ತುದಿಗಳ ಬೆಲೆ ಹಾಕಿ ಕಳೆದರೆ ಬರುವುದು −2. ಇಲ್ಲಿ ನಿಲ್ಲಬೇಕು: 1/x² ಎಲ್ಲೂ ಋಣವಲ್ಲ, ಅದರ ಕೆಳಗಿನ ಜಾಗ ಋಣವಾಗುವುದು ಹೇಗೆ? ಸೊನ್ನೆಯಲ್ಲಿ ಆ ಫಲನವೇ ಇಲ್ಲ. ದಾರಿ ಅಲ್ಲಿ ಕಡಿದಿರುವುದರಿಂದ ಎಡಭಾಗಕ್ಕೆ ಒಂದು C, ಬಲಭಾಗಕ್ಕೆ ಬೇರೆಯೇ ಒಂದು C ಇಟ್ಟುಕೊಳ್ಳಬಹುದು. ಇಳಿಜಾರು ಎರಡೂ ಕಡೆ ಸರಿಯಾಗಿಯೇ ಇರುತ್ತದೆ. ಹಾಗಿದ್ದಾಗ ಒಂದನ್ನೊಂದು ಅಳಿಸುವುದಾದರೂ ಹೇಗೆ? ನಿಜದಲ್ಲಿ 0.001ರಿಂದ 1ರವರೆಗಿನ ಜಾಗವೇ 999. ಸೊನ್ನೆಯ ಹತ್ತಿರ ಹೋದಷ್ಟೂ ಅದಕ್ಕೆ ಮಿತಿಯಿಲ್ಲ. ನಾವು ಕೇಳಿದ ಸಂಖ್ಯೆ ಇಲ್ಲವೇ ಇಲ್ಲ. ಕುಟುಂಬ ಸಂಖ್ಯೆಯನ್ನು ಕೊಡುವುದು ನಡುವಿನ ದಾರಿ ಕಡಿಯದೆ ಇದ್ದಾಗ ಮಾತ್ರ.

ಸಂಖ್ಯೆಯಿಂದ ಕುಟುಂಬಕ್ಕೆ ಹಿಂದಿರುಗುವ ದಾರಿಯೂ ಇದೆ. sin x cos xಗೇ ಮರಳಿ, ಮೇಲಿನ ಮಿತಿಯನ್ನು ಒಂದೆಡೆ ನಿಲ್ಲಿಸದೆ xನಂತೆ ಚಲಿಸಲು ಬಿಡಿ. ಸಂಖ್ಯೆ ಫಲನವಾಗುತ್ತದೆ. ಎಣಿಕೆಯನ್ನು 0ಯಿಂದ ಶುರುಮಾಡಿದರೆ ಸಿಗುವುದು ½ sin²x. π/2ರಿಂದ ಶುರುಮಾಡಿದರೆ −½ cos²x. ಆ ಇಬ್ಬರು ವಿದ್ಯಾರ್ಥಿಗಳು ಬರೆದದ್ದು ಒಂದೇ ಜಾಗದ ಲೆಕ್ಕವನ್ನು. ಶುರುಮಾಡಿದ ಸ್ಥಳವಷ್ಟೇ ಬೇರೆ.

ಹಾಗಾದರೆ C ಎಂದರೆ ಶುರುಮಾಡಿದ ಸ್ಥಳವೇ? ಹಾಗೆಂದುಕೊಂಡು ಸಮಾಧಾನವಾಗುವಷ್ಟರಲ್ಲಿ ½ sin²x + 5 ಎದುರು ನಿಲ್ಲುತ್ತದೆ. ಎಲ್ಲಿಂದ ಎಣಿಸಿದರೂ, ಎಣಿಕೆ ಶುರುವಾದ ಜಾಗದಲ್ಲಿ ಕೂಡಿದ್ದು ಸೊನ್ನೆಯಾಗಿರಲೇಬೇಕು. ಈ ಫಲನವೋ ಎಂದೂ 5ಕ್ಕಿಂತ ಕೆಳಗಿಳಿಯದು. ಯಾವ ಬಿಂದುವಿನಿಂದ ಜಾಗ ಕೂಡಿಸುತ್ತ ಬಂದರೂ ಇದನ್ನು ಮುಟ್ಟಲಾಗದು. ಆದರೂ ಇದರ ಇಳಿಜಾರು ಎಲ್ಲೆಲ್ಲೂ sin x cos x. ನಾವು ಕೂಡಿಸಿ ಪಡೆಯಬಹುದಾದ ಸದಸ್ಯರನ್ನು ½ sin²x + C ಎಂದು ಬರೆದರೆ, C −½ರಿಂದ 0ಯವರೆಗೆ ಮಾತ್ರ ಇರುತ್ತದೆ. ಕುಟುಂಬ ಅದರಾಚೆಗೂ ಮೇಲೆ ಕೆಳಗೆ ಕೊನೆಯಿಲ್ಲದೆ ಹರಡಿದೆ, ಮತ್ತು ಅದರ ಪ್ರತಿಯೊಬ್ಬ ಸದಸ್ಯನೂ 0ಯಿಂದ π/2ವರೆಗಿನ ಲೆಕ್ಕಕ್ಕೆ ಅರ್ಧ ಎಂದೇ ಉತ್ತರ ಕೊಡುತ್ತಾನೆ.