ಬೆಟ್ಟ ಒಂದೇ ಎನ್ನುವವರು ಎಲ್ಲಿ ನಿಂತಿದ್ದಾರೆ?



"ದಾರಿ ಹಲವು, ಬೆಟ್ಟ ಒಂದೇ. ಯಾವ ಮತದ ಅನುಭಾವಿಯಾದರೂ ಕೊನೆಗೆ ಸೇರುವುದು ಒಂದೇ ಶಿಖರವನ್ನು." ಉಮರಗಾ, ನಿಲಂಗಾ, ಉದಗೀರದ ಕಡೆ ಬಾಳುವ ನಮಗೆ ಈ ಮಾತು ಹಿತವೆನಿಸುತ್ತದೆ. ಆಷಾಢದಲ್ಲಿ ಪಂಢರಪುರಕ್ಕೆ ನಡೆಯುವ ವಾರಕರಿಗಳೂ ಬಸವಕಲ್ಯಾಣದ ಶರಣರನ್ನು ನೆನೆಯುವವರೂ ನಮ್ಮ ನೆರೆಯವರೇ. ಎಲ್ಲ ಮತಗಳ ಅನುಭಾವಿಗಳು ಕಂಡದ್ದು ಒಂದೇ ಸತ್ಯವೆಂದು ಆಲ್ಡಸ್ ಹಕ್ಸ್‌ಲಿ 1945ರಲ್ಲಿ ಒಂದು ಪುಸ್ತಕವನ್ನೇ ಬರೆದರು.

ಆದರೆ ನೆರೆಯವರ ಸಂತರನ್ನೇ ಕೇಳಿ ನೋಡೋಣ. ಹನ್ನೆರಡನೆಯ ಶತಮಾನದ ಅಲ್ಲಮಪ್ರಭುವಿಗೆ ಕೊನೆಯ ನಿಲುವು ಬಯಲು. ಅಲ್ಲಿ ಭಕ್ತ ಬೇರೆ, ದೇವರು ಬೇರೆ ಎಂಬ ಎಣಿಕೆಯೇ ಇಲ್ಲ. ಹದಿನೇಳನೆಯ ಶತಮಾನದ ತುಕಾರಾಮರು ವಿಠ್ಠಲನಲ್ಲಿ ಬೇಡಿದ್ದು ಮುಕ್ತಿಯನ್ನಲ್ಲ. ಸಂತರ ಸಂಗ, ದೇವರ ಗುಣಗಾನ ಸಿಗುವುದಾದರೆ ಮತ್ತೆ ಹುಟ್ಟಲೂ ಅವರು ಸಿದ್ಧ. ಹಾಡಲು ಹಾಡುವವನೊಬ್ಬ ಉಳಿಯಬೇಕಲ್ಲವೇ? ಒಬ್ಬರು ಶಿಖರವೆಂದದ್ದನ್ನು ಇನ್ನೊಬ್ಬರು ಬೇಡವೆಂದರು. ಇಬ್ಬರಿಗೂ "ನೀವು ಹೇಳಿದ್ದು ಒಂದೇ" ಎಂದರೆ ಇಬ್ಬರ ಮಾತನ್ನೂ ಕೇಳಲಿಲ್ಲವೆಂದೇ ಅರ್ಥ.

ಮಾತು ಬೇರೆಯಾದರೂ ಅನುಭವ ಒಂದೇ ಇರಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಇದಕ್ಕೆ ವಿದ್ವಾಂಸ ಸ್ಟೀವನ್ ಕಾಟ್ಸ್ 1978ರಲ್ಲಿ ಉತ್ತರ ಕೊಟ್ಟರು: ಮೊದಲು ಬರಿಯ ಅನುಭವ, ಆಮೇಲೆ ಅದಕ್ಕೆ ಮತದ ಹೆಸರು, ಹೀಗೆ ನಡೆಯುವುದಿಲ್ಲ. ಕಲಿತ ಪ್ರಾರ್ಥನೆ, ಓದಿದ ಗ್ರಂಥ, ಗುರುವಿನ ಬೋಧೆ ಅನುಭವವನ್ನೇ ರೂಪಿಸುತ್ತವೆ.

ನಮ್ಮ ಆವಿಲಾದ ಸಂತ ತೆರೇಸರನ್ನು ನೋಡಿ. 1577ರಲ್ಲಿ ಬರೆದ ಗ್ರಂಥದಲ್ಲಿ ಅವರು ಆತ್ಮ ದೇವರನ್ನು ಕೂಡುವುದನ್ನು ನದಿಗೆ ಬಿದ್ದ ಮಳೆನೀರಿಗೆ ಹೋಲಿಸಿದರು. ಆ ಹೋಲಿಕೆಯನ್ನಷ್ಟೇ ಓದಿದರೆ ಅಲ್ಲಮನ ಬಯಲು ನೆನಪಾಗುತ್ತದೆ. ಆದರೆ ತೆರೇಸ ಅದನ್ನು ಕರೆದದ್ದು ಆತ್ಮಿಕ ವಿವಾಹವೆಂದು. ವಿವಾಹಕ್ಕೆ ಇಬ್ಬರು ಬೇಕು. ಸೃಷ್ಟಿಯಾದ ಆತ್ಮ ದೇವರೇ ಆಗಿಬಿಡುತ್ತದೆಂದು ಅವರು ನಂಬಿರಲಿಲ್ಲ.

ಕಾಟ್ಸ್ ವಾದಕ್ಕೂ ಮಿತಿಯಿದೆ. ಕಲಿತದ್ದೇ ಎಲ್ಲವನ್ನೂ ರೂಪಿಸುವುದಾದರೆ, ಅನುಭಾವಿಗಳು ತಾವು ಕಲಿತದ್ದನ್ನೂ ಮೀರಿದ್ದನ್ನು ಕಂಡು ಬೆರಗಾಗುವುದು ಹೇಗೆ? ಯಾವ ವಿಷಯವೂ ಇಲ್ಲದ ಬರಿಯ ಎಚ್ಚರ ಹಲವು ಮತಗಳಲ್ಲಿ ಕಾಣುತ್ತದೆಂದು 1990ರಲ್ಲಿ ರಾಬರ್ಟ್ ಫೋರ್ಮನ್ ಮತ್ತು ಸಂಗಡಿಗರು ವಾದಿಸಿದರು. ಅದು ನಿಜವಿದ್ದರೂ, ಆ ಮೌನವೇ ಎಲ್ಲರ ಶಿಖರವೆಂದು ಸಾಬೀತಾಗುವುದಿಲ್ಲ. ತುಕಾರಾಮರಿಗಂತೂ ಅದು ಶಿಖರವಲ್ಲ.

ಬೆಟ್ಟ ಒಂದೇ ಎನ್ನಬೇಕಾದರೆ ಎಲ್ಲ ದಾರಿಗಳೂ ಕಾಣುವ ಎತ್ತರದಲ್ಲಿ ನಿಂತಿರಬೇಕು. ನಾವು ನಿಂತಿರುವುದು ಒಂದು ದಾರಿಯಲ್ಲಿ. ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ, ಇತರ ಧರ್ಮಗಳಲ್ಲಿರುವ ಸತ್ಯವಾದ, ಪವಿತ್ರವಾದ ಯಾವುದನ್ನೂ ಧರ್ಮಸಭೆ ತಿರಸ್ಕರಿಸುವುದಿಲ್ಲ ಎಂದಿತು. ಎಲ್ಲವೂ ಒಂದೇ ಎನ್ನಲಿಲ್ಲ. ವಾರಕರಿ ನೆರೆಯವರು ದಿಂಡಿಯಿಂದ ಮರಳಿದಾಗ "ನಮ್ಮದೂ ಅದೇ" ಎಂದು ಮಾತು ಮುಗಿಸುವ ಬದಲು, "ವಿಠ್ಠಲನಲ್ಲಿ ಏನು ಬೇಡಿದಿರಿ?" ಎಂದು ನಾವು ಕೇಳಬಹುದು.