ಬೈದದ್ದು ಕುರ್ಚಿಗಂತೆ

"ಅವರು ಬೈದದ್ದು ನಿನಗಲ್ಲಮ್ಮ, ಆ ಕುರ್ಚಿಗೆ. ಮನಸ್ಸಿಗೆ ಹಚ್ಚಿಕೋಬೇಡ." ಬ್ಯಾಂಕಿನ ಕೌಂಟರಿನಲ್ಲಿ ಕೂತ ಹನ್ನೊಂದು ವರ್ಷಗಳಲ್ಲಿ ಮೂವರು ಮ್ಯಾನೇಜರುಗಳ ಬಾಯಲ್ಲಿ ಈ ಮಾತು ಕೇಳಿದ್ದೇನೆ. ಬೈಗುಳಕ್ಕಿಂತ ಈ ಸಮಾಧಾನವೇ ನನ್ನನ್ನು ಹೆಚ್ಚು ಕೆರಳಿಸಿದೆ.

ನಿಂದೆ ಸ್ತುತಿಗಳನ್ನು ಸಮನಾಗಿ ಕಾಣು ಎನ್ನುವ ಗೀತೆ, ಸ್ವೀಕರಿಸದ ಬೈಗುಳ ಕೊಟ್ಟವನಲ್ಲೇ ಉಳಿಯುತ್ತದೆ ಎನ್ನುವ ಬುದ್ಧನ ಕಥೆ, ಎರಡಕ್ಕೂ ದೂರದಿಂದಲೇ ನಮಸ್ಕಾರ. ಆ ಮಾತನ್ನು ಬೈಸಿಕೊಂಡವರು ತಮಗೆ ತಾವೇ ಹೇಳಿಕೊಂಡರೆ ಅದು ವಿವೇಕ. ಮೇಲಧಿಕಾರಿ ಹೇಳಿದರೆ ಅದು ಸುಮ್ಮನಿರು ಎಂಬ ಆಜ್ಞೆ. ನನ್ನ ಜಗಳ ಕುರ್ಚಿಯ ವಾದದೊಂದಿಗೆ.

ಒಬ್ಬರು ಬೇರೆ ಬ್ಯಾಂಕಿನ ಎಟಿಎಂನಲ್ಲಿ ಹತ್ತು ಸಾವಿರ ತೆಗೆಯಲು ಹೋಗಿದ್ದರು. ನೋಟು ಬರಲಿಲ್ಲ, ಖಾತೆಯಿಂದ ಹಣ ಹೋಯಿತು. ಇಂಥ ದೂರನ್ನು ನಾನು ದಾಖಲಿಸಬಹುದು, ಅಷ್ಟೇ. ಆ ಯಂತ್ರದ ಬ್ಯಾಂಕು ತನ್ನ ಲಾಗ್ ನೋಡಿ, ಪೆಟ್ಟಿಗೆಯ ನಗದು ಎಣಿಸಿ, ಹತ್ತು ಸಾವಿರ ಹೆಚ್ಚಿದೆ ಎಂದು ಒಪ್ಪಿದರೆ ಹಣ ಮರಳುತ್ತದೆ. ರಿಸರ್ವ್ ಬ್ಯಾಂಕಿನ 2019ರ ಸುತ್ತೋಲೆಯ ಪ್ರಕಾರ ಅದಕ್ಕೆ ಐದು ದಿನ ಗಡುವು. ಮೀರಿದರೆ ದಿನಕ್ಕೆ ನೂರು ರೂಪಾಯಿ ಪರಿಹಾರವನ್ನು ಗ್ರಾಹಕ ಕೇಳದಿದ್ದರೂ ಖಾತೆಗೆ ಹಾಕಬೇಕು.

ಆತ ಬಂದದ್ದು ಮೂರನೆಯ ದಿನ. ಮೊದಲು "ಕಳ್ಳ ಬ್ಯಾಂಕು" ಎಂದ. ಅದು ಕುರ್ಚಿಗೇ ಬಿದ್ದದ್ದು, ಒಪ್ಪಿದೆ. ಆಮೇಲೆ ನನ್ನ ತಾಯಿಯ ವಿಷಯ ಬಂತು. ಯಾವ ಕೋಟಾದಲ್ಲಿ ಕೆಲಸ ಸಿಕ್ಕಿತು ಎಂಬ ಪ್ರಶ್ನೆ ಬಂತು. ಕುರ್ಚಿಗೆ ತಾಯಿ ಇರುವುದಿಲ್ಲ, ಜಾತಿಯೂ ಇಲ್ಲ. ಪಕ್ಕದ ಕೌಂಟರಿನಲ್ಲಿ ಮೀಸೆಯ ಹಿರಿಯರು ಇಂಥದೇ ಕುರ್ಚಿಯಲ್ಲಿ ಕೂತಿದ್ದರು. ಅವರ ಕುರ್ಚಿಗೆ ಯಾರೂ ಹಾಗೆ ಬೈದದ್ದನ್ನು ನಾನು ಕಂಡಿಲ್ಲ. ಕೋಪ ಕುರ್ಚಿಯಿಂದ ಶುರುವಾಗಬಹುದು, ಬೈಗುಳ ಮಾತ್ರ ಅದರಲ್ಲಿ ಕೂತವರನ್ನು ಹುಡುಕಿಕೊಂಡು ಬರುತ್ತದೆ.

ಮ್ಯಾನೇಜರು ಆತನನ್ನು ಕ್ಯಾಬಿನ್ನಿಗೆ ಕರೆದು ಕಾಫಿ ತರಿಸಿದರು. ಅಲ್ಲಿ, ಗ್ರಾಹಕನೇ ನಮ್ಮ ಮುಖ್ಯ ಅತಿಥಿ ಎನ್ನುವ ಬೋರ್ಡಿನ ಕೆಳಗೆ, ನನ್ನಿಂದ ಸಾರಿ ಹೇಳಿಸಿದರು. (ಬೋರ್ಡಿನಲ್ಲಿ ಗಾಂಧೀಜಿಯ ಹೆಸರಿದೆ. ಅವರು ಹಾಗೆ ಹೇಳಿದ್ದಕ್ಕೆ ನಂಬುವಂಥ ಆಧಾರವಿಲ್ಲ.) ಬೈದದ್ದು ಕುರ್ಚಿಗಾದರೆ ಕ್ಷಮೆಯನ್ನೂ ಕುರ್ಚಿಯೇ ಕೇಳಬೇಕು, ಅದೂ ಶಾಖೆಯ ದೊಡ್ಡ ಕುರ್ಚಿ. ಬೈಗುಳ ಬಿದ್ದಾಗ ನಾನು ಯಾರೂ ಅಲ್ಲ, ಕ್ಷಮೆ ಕೇಳಬೇಕಾದಾಗ ಮಾತ್ರ ನಾನು ನಾನೇ. ಇದು ಯಾವ ಲೆಕ್ಕ?

ಈ ಮಾತನ್ನು ಸ್ನೇಹಿತೆಯರಿಗೆ ಎಷ್ಟೋ ಸಲ ಹೇಳಿ ಗೆದ್ದಿದ್ದೇನೆ. ಒಂಟಿಯಾಗಿ ಯೋಚಿಸಿದಾಗ ಅಷ್ಟು ಸುಲಭವಾಗಿ ಗೆಲ್ಲುವುದಿಲ್ಲ. "ರೂಲ್ಸ್ ಸಾರ್, ನನ್ನ ಕೈಯಲ್ಲಿಲ್ಲ" ಎಂದು ದಿನಕ್ಕೆ ಇಪ್ಪತ್ತು ಸಲ ಹೇಳುವವಳು ನಾನೇ. ಆಗ ನಾನು ಅವಿತುಕೊಳ್ಳುವುದು ಅದೇ ಕುರ್ಚಿಯ ಹಿಂದೆ. ಆ ಮನುಷ್ಯನಿಗೆ ಹತ್ತು ಸಾವಿರ ಎಂದರೆ ತಿಂಗಳ ಬಾಡಿಗೆಯೋ, ಮಗುವಿನ ಫೀಸೋ. ಯಂತ್ರದ ಬ್ಯಾಂಕು ಅವನಿಗೆ ಕಾಣುವುದಿಲ್ಲ, ಸುತ್ತೋಲೆ ಬರೆದವರು ಕಾಣುವುದಿಲ್ಲ. ಕಾಣುವವಳು ನಾನೊಬ್ಬಳು. ಅವನ ಹಕ್ಕಿನ ಮಾತನ್ನು ಕೇಳಿಸಿಕೊಂಡು, ಬಾಯಿಯ ಮಾತಿಗೆ ಬಾಗಿಲು ತೋರಿಸುವುದು ಮ್ಯಾನೇಜರಿಗೆ ಸಾಧ್ಯವಿತ್ತು ಎಂದು ಈಗಲೂ ನಂಬುತ್ತೇನೆ. ಟೋಕಿಯೊದಲ್ಲಿ 2025ರ ಏಪ್ರಿಲ್‌ನಿಂದ ಗ್ರಾಹಕರ ಕಿರುಕುಳವನ್ನು ನಿಷೇಧಿಸುವ ಕಟ್ಟಳೆ ಇದೆ. ಅದರಲ್ಲಿ ಶಿಕ್ಷೆಯಿಲ್ಲ. ಆದರೂ ಹಾಗೆ ಬರೆದಿಟ್ಟಿದ್ದಾರೆ.

ಇಲ್ಲಿಗೆ ನಿಲ್ಲಿಸಿದರೆ ನನಗೆ ಅನುಕೂಲ. ಆದರೆ ಅದೇ ವಾರ ಇನ್ನೊಂದು ದೂರು ಬಂದಿತ್ತು. ಪೆನ್ಶನ್ನಿನ ಅಜ್ಜಿಯೊಬ್ಬರದು, ಎರಡು ಸಾವಿರದ್ದು. ಅವರು ಎಟಿಎಂಗೆ ಹೋದದ್ದು ಆತನಿಗಿಂತ ಒಂದು ದಿನ ಮೊದಲೇ, ದೂರು ಕೊಟ್ಟದ್ದೂ ಅಂದೇ. "ನಿಧಾನಕ್ಕೆ ನೋಡವ್ವ" ಎಂದು ಹೋಗಿದ್ದರು. ಆತನ ಕಾಫಿ ಮುಗಿಯುವ ಮೊದಲೇ ಮ್ಯಾನೇಜರು ಯಂತ್ರದ ಬ್ಯಾಂಕಿಗೆ ಫೋನು ಮಾಡಿದರು, ಕೂಗಿದವನ ಹಣ ಐದನೆಯ ದಿನ ಬಂತು. ಅಜ್ಜಿಯ ಹಣ ಬಂದದ್ದು ಎಂಟನೆಯ ದಿನ. ಮೂರು ದಿನ ತಡ, ಮುನ್ನೂರು ರೂಪಾಯಿ ಪರಿಹಾರ. ಅದು ಅವರ ಖಾತೆಗೆ ತಾನಾಗಿ ಬರಲಿಲ್ಲ.

ಗಂಟಲಿದ್ದವನಿಗೆ ಮಣಿದದ್ದು ಮ್ಯಾನೇಜರು ಎಂದು ಇಷ್ಟು ಹೊತ್ತು ಹೇಳಿದೆ. ಆದರೆ ಕಣ್ಣೊರೆಸಿಕೊಂಡು ಕೌಂಟರಿಗೆ ಬಂದು ಆತನ ಫೈಲನ್ನು ದಿನಕ್ಕೆರಡು ಸಲ ತೆರೆದು ನೋಡಿದವಳು ನಾನು. ಅಜ್ಜಿಯದನ್ನು ಎಂಟು ದಿನ ತೆರೆದಿರಲಿಲ್ಲ. ಮುನ್ನೂರಕ್ಕೆ ಅರ್ಜಿ ಬರೆಯಲು ಅವರನ್ನು ಕರೆಸಿದಾಗ, "ಯಾಕವ್ವ, ನಾನೇನೂ ಅಂದಿರಲಿಲ್ಲವಲ್ಲ" ಎಂದು ಹೆದರಿ ಕೈಮುಗಿದರು. ನಾನು ಕುರ್ಚಿಯಿಂದ ಎದ್ದು ನಿಂತೆ. ಏನು ಹೇಳಬೇಕೆಂದು ಗೊತ್ತಾಗಲಿಲ್ಲ.