ಕತ್ತಿಯ ಬಣ್ಣ

ಮಳೆ ಎರಡು ಗಂಟೆ ಹೊಳವಾದರೆ ಸೀತೂರಿನಲ್ಲಿ ಯಾರೂ ಮನೆಯೊಳಗೆ ಕೂರುವುದಿಲ್ಲ. ಅಷ್ಟರಲ್ಲಿ ಅಡಿಕೆಗೆ ಔಷಧಿ ಹೊಡೆದು ಮುಗಿಸಬೇಕು. ಡ್ರಮ್ಮಿನಲ್ಲಿ ನೀರು ತುಂಬಿದೆ, ಮರ ಹತ್ತುವವರು ಬಂದು ನಿಂತಿದ್ದಾರೆ. ಆಗ ಒಬ್ಬ ಬೆಳೆಗಾರ ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು ಮೊಬೈಲ್ ತೆಗೆದು, ಬೋರ್ಡೋ ದ್ರಾವಣ ಮಾಡುವುದು ಹೇಗೆ ಎಂದು ಹುಡುಕುತ್ತಾನೆ. ನಮ್ಮ ಅಣ್ಣನ ಮಗ ಮಾಡಿದ ವೀಡಿಯೊ ಇಂಥವನ ಕೈಗೆ ಸಿಗಬೇಕಾದದ್ದು.

ಮೊದಲ ಸಲ ಅವನು ಮಾಡಿದ್ದು ಎಲ್ಲರೂ ಮಾಡುವ ಹಾಗೆಯೇ ಇತ್ತು. ಥಂಬ್‌ನೇಲ್‌ನಲ್ಲಿ ಕೊಳೆತ ಗೊನೆ, ಕೆಂಪು ಬಾಣ, ಹಳದಿ ಅಕ್ಷರದಲ್ಲಿ ‘ಈ ತಪ್ಪು ಮಾಡಲೇಬೇಡಿ’. ವೀಡಿಯೊ ಶುರುವಾದರೆ ಸಂಗೀತ, ನಮಸ್ಕಾರ, ಚಾನೆಲ್ಲಿನ ಪರಿಚಯ. ಆಮೇಲೆ ಕೊಳೆರೋಗದ ಕತೆ: 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗದ ಬೆನ್ನು ಹತ್ತಿದ್ದು, 1910ರಲ್ಲಿ ವರದಿ ಬರೆದದ್ದು, ಗೊನೆಗೆ ಕೊಟ್ಟೆ ಕಟ್ಟುತ್ತಿದ್ದ ಮಲೆನಾಡಿಗೆ ಬೋರ್ಡೋ ಬಂದದ್ದು. ಒಳ್ಳೆಯ ಕತೆಯೇ. ಆದರೆ ಡ್ರಮ್ಮಿನ ಮುಂದೆ ನಿಂತವನಿಗೆ ಆ ಹೊತ್ತಿಗೆ ಬೇಕಾದ ಕತೆಯಲ್ಲ.

ಯೂಟ್ಯೂಬ್ ಸ್ಟುಡಿಯೊದಲ್ಲಿ ನೋಡುಗರು ಎಲ್ಲಿಯವರೆಗೆ ಉಳಿದರು ಎಂದು ತೋರಿಸುವ ಗೆರೆಯೊಂದಿದೆ. ಅದನ್ನು ಇಬ್ಬರೂ ಕೂತು ನೋಡಿದೆವು. ಮೊದಲ ಅರ್ಧ ನಿಮಿಷದಲ್ಲಿ ಗೆರೆ ಗುಡ್ಡ ಕುಸಿದಂತೆ ಇಳಿದಿತ್ತು. ಆಮೇಲೆ ಮಟ್ಟಸವಾಗಿ ಸಾಗಿ, ಆರನೆಯ ನಿಮಿಷದ ಹತ್ತಿರ ಸಣ್ಣದೊಂದು ದಿಬ್ಬ ಎದ್ದಿತ್ತು. ಅಂಥ ದಿಬ್ಬ ಎದ್ದರೆ, ಜನ ಮುಂದಕ್ಕೆ ಓಡಿಸಿ ಅಲ್ಲಿಗೇ ಬಂದಿದ್ದಾರೆ ಅಥವಾ ಹಿಂದಕ್ಕೆ ಹೋಗಿ ಮತ್ತೆ ನೋಡಿದ್ದಾರೆ ಎಂದು ಅರ್ಥ. ಅಲ್ಲಿ ಇದ್ದದ್ದು ಕತ್ತಿಯ ಪರೀಕ್ಷೆ.

ಬಲ್ಲವರಿಗೆ ಗೊತ್ತು. ಒಂದು ಕೆಜಿ ಮೈಲುತುತ್ತವನ್ನು ಐವತ್ತು ಲೀಟರ್ ನೀರಿನಲ್ಲಿ, ಒಂದು ಕೆಜಿ ಸುಣ್ಣವನ್ನು ಇನ್ನೊಂದು ಐವತ್ತು ಲೀಟರಿನಲ್ಲಿ ಕರಗಿಸಿ, ಕಲಕುತ್ತಾ ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಸುಣ್ಣ ಹಳತಾಗಿ ಗಾಳಿ ಕುಡಿದಿದ್ದರೆ ಅದರ ಬಲ ಹೋಗಿರುತ್ತದೆ, ಕೆಜಿ ಲೆಕ್ಕ ಸರಿಯಿದ್ದರೂ ಸಾಲದು. ಆಗ ಉಳಿದ ತಾಮ್ರ ಎಳೆಗಾಯನ್ನು ಸುಡುತ್ತದೆ. ಅದನ್ನು ಕಂಡುಹಿಡಿಯಲು ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಕತ್ತಿಯನ್ನು ದ್ರಾವಣದಲ್ಲಿ ಒಂದು ನಿಮಿಷ ಅದ್ದಿ ತೆಗೆಯುತ್ತಾರೆ. ತಾಮ್ರದ ಕೆಂಪು ಹತ್ತಿದ್ದರೆ ಇನ್ನೂ ಸುಣ್ಣ ಬೇಕು. ಸುಣ್ಣ ಹೆಚ್ಚಾಗಿದ್ದರೆ ಮಾತ್ರ ಕತ್ತಿ ಏನೂ ಹೇಳುವುದಿಲ್ಲ.

‘ಹಾಗಾದರೆ ಕತ್ತಿಯನ್ನೇ ಮೊದಲು ತೋರಿಸು’ ಅಂದೆ.

‘ಚಿಕ್ಕಪ್ಪ, ಅದನ್ನ ಮೊದಲೇ ತೋರಿಸಿಬಿಟ್ಟರೆ ಆಮೇಲೆ ಯಾರು ಕೂತು ನೋಡ್ತಾರೆ? ಕೊನೇವರೆಗೆ ಇಟ್ಕೊಂಡ್ರೆ ತಾನೆ ಜನ ಇರೋದು?’

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. 2012ರಿಂದ ಯೂಟ್ಯೂಬ್ ಎಷ್ಟು ಜನ ಒತ್ತಿದರು ಎನ್ನುವುದಕ್ಕಿಂತ ಎಷ್ಟು ಹೊತ್ತು ನೋಡಿದರು ಎನ್ನುವುದಕ್ಕೆ ಹೆಚ್ಚು ಬೆಲೆ ಕೊಡುತ್ತಾ ಬಂದಿದೆ. ಆದರೂ ನನಗೆ ಆ ಮಾತು ಒಪ್ಪಿಗೆಯಾಗಲಿಲ್ಲ. ಸಿನಿಮಾದಲ್ಲಿ ಕೊಲೆಗಾರ ಯಾರೆಂದು ಮುಚ್ಚಿಟ್ಟರೆ ಅದು ನೋಡುಗನಿಗೆ ಕೊಟ್ಟ ಸುಖ. ಮೋಡ ನೋಡುತ್ತಾ ನಿಂತವನಿಗೆ ಉತ್ತರ ಮುಚ್ಚಿಟ್ಟರೆ ಅವನ ಹೊಳವು ಗಂಟೆಯಿಂದ ಕದ್ದಂತೆ. ಅದೂ ಅಲ್ಲದೆ, ಮುಚ್ಚಿಟ್ಟದ್ದಕ್ಕೆ ಜನ ನಿಂತಿರಲಿಲ್ಲ ಎಂದು ಆ ಗೆರೆಯೇ ತೋರಿಸಿತ್ತು.

ಎರಡನೆಯ ಸಲ ಚಿತ್ರ ತೆಗೆಯಲು ಹೊರಟಾಗ ನಿಜವಾದ ಕಷ್ಟ ಬಂತು. ಕೆಂಪು ಹತ್ತಿದ ಕತ್ತಿ ಬೇಕೆಂದರೆ ಕೆಟ್ಟ ದ್ರಾವಣ ಬೇಕು. ಬಕೆಟ್ಟಿನಲ್ಲಿ ಹತ್ತು ಲೀಟರ್ ನೀರಿಗೆ ನೂರು ಗ್ರಾಂ ತುತ್ತ, ಬರೀ ಹತ್ತು ಗ್ರಾಂ ಸುಣ್ಣ ಹಾಕಿದೆವು. ಅಡಿಗೆಮನೆಯ ಚಾಕು ಅದ್ದಿದರೆ ಏನೂ ಹತ್ತಲಿಲ್ಲ. ಹತ್ತುವುದೂ ಇಲ್ಲ, ಅದು ಸ್ಟೀಲು. ಅವನು ಫೋಟೊ ತೆಗೆದು, ಕಂಪ್ಯೂಟರಿನಲ್ಲಿ ಅಲಗಿಗೆ ಕೆಂಪು ಬಳಿಯಲು ಕೂತ. ಹತ್ತು ನಿಮಿಷದ ಕೆಲಸ, ನೋಡಲು ಚೆಂದವಾಗಿಯೂ ಬಂತು.

ನಾನು ಬೇಡವೆಂದೆ. ಕೊಳೆತ ಗೊನೆಯ ಚಿತ್ರವನ್ನು ಸ್ವಲ್ಪ ಗಾಢ ಮಾಡಿದರೆ ಯಾರೂ ಕೆಡುವುದಿಲ್ಲ. ಆದರೆ ಕತ್ತಿಯ ಚಿತ್ರ ಒಂದು ಅಳತೆ. ನೋಡಿದವನು ತನ್ನ ಕತ್ತಿಯನ್ನು ಅದರ ಪಕ್ಕ ಹಿಡಿದು ಹೋಲಿಸುತ್ತಾನೆ. ನಾವು ಕುಂಕುಮದಂಥ ಕೆಂಪು ತೋರಿಸಿದರೆ, ತನ್ನ ಕತ್ತಿಯ ಮೇಲಿನ ತೆಳುವಾದ ಕಂದುಗೆಂಪನ್ನು ಕಂಡು ‘ಅಷ್ಟೇನೂ ಇಲ್ಲ’ ಎಂದು ಗೊನೆಗೆ ಹೊಡೆದುಬಿಡುತ್ತಾನೆ. ಅವನ ಚಾಕು ಸ್ಟೀಲಿನದಾದರಂತೂ ಏನೂ ಕಾಣದೆ ಧೈರ್ಯವಾಗಿ ಹೊಡೆಯುತ್ತಾನೆ. ಕೊಟ್ಟಿಗೆಯಿಂದ ಸೊಪ್ಪು ಕೊಯ್ಯುವ ಹಳೇ ಕತ್ತಿ ತಂದು, ತುಕ್ಕು ಹೋಗುವಂತೆ ಮಸೆದು ಅದ್ದಿದೆವು. ಹತ್ತಿದ್ದು ಹಳೇ ಕಾಸಿನ ಬಣ್ಣ. ಬಿಸಿಲಿಗೆ ಹಿಡಿದರೆ ಅಲಗು ಮಿಂಚಿ ಬಣ್ಣ ಮಾಯವಾಗುತ್ತಿತ್ತು. ಜಗಲಿಯ ನೆರಳಲ್ಲಿ ಓರೆಯಾಗಿ ಹಿಡಿದಾಗ ಕಂಡಿತು. ಹಿಂದೆ ದ್ರಾವಣದ ತಿಳಿನೀಲಿ ಇದ್ದುದರಿಂದ ಆ ಮಂಕು ಬಣ್ಣವೂ ಎದ್ದು ನಿಂತಿತು. ಬಣ್ಣ ಬಳಿಯುವ ಅಗತ್ಯವೇ ಇರಲಿಲ್ಲ.

ಅಕ್ಷರದ್ದು ಇನ್ನೊಂದು ಪಾಠ. 1280ಕ್ಕೆ 720ರ ಚಿತ್ರ ಕಂಪ್ಯೂಟರಿನಲ್ಲಿ ಕಿಟಕಿಯಷ್ಟಿರುತ್ತದೆ, ಮೊಬೈಲಿನ ಪಟ್ಟಿಯಲ್ಲಿ ಅಂಚೆಚೀಟಿಯಷ್ಟಾಗುತ್ತದೆ. ಇಂಗ್ಲಿಷ್ ದೊಡ್ಡಕ್ಷರಗಳು ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತದೆ. ಅಕ್ಷರಕ್ಕೆ ದಪ್ಪ ಕಪ್ಪು ಅಂಚು ಕೊಟ್ಟರೆ ಒತ್ತಿನ ಹೊಟ್ಟೆ ತುಂಬಿ ಬರೀ ಮಸಿಯಾಗುತ್ತದೆ. ಎರಡು ಸಾಲು ಬರೆದರೆ ಮೇಲಿನ ಒತ್ತು ಕೆಳಗಿನ ಗುಡಿಸಿಗೆ ತಾಗುತ್ತದೆ. ಬಲ ಕೆಳಮೂಲೆಯ ಮೇಲೆ ವೀಡಿಯೊದ ಅವಧಿ ಕೂರುತ್ತದೆ, ಅಲ್ಲಿ ಬರೆದದ್ದು ಕಾಣುವುದಿಲ್ಲ. ‘ಮೈಲುತುತ್ತ ಹೆಚ್ಚಾಗಿದೆಯೇ ಪರೀಕ್ಷಿಸಿ’ ಎಂದು ಬರೆದದ್ದನ್ನು ಮೊಬೈಲಿಗೆ ಹಾಕಿ, ಅಂಗಳದಲ್ಲಿ ಕೈ ಚಾಚಿ ಹಿಡಿದು ಅತ್ತಿಗೆಗೆ ಓದಲು ಹೇಳಿದರೆ ‘ಮೈಲು’ ಬಿಟ್ಟು ಬೇರೇನೂ ಓದಲಾಗಲಿಲ್ಲ. ಕೊನೆಗೆ ಉಳಿದದ್ದು ‘ಸುಣ್ಣ ಸಾಕೇ?’ ಎಂಬ ಎರಡು ಪದ, ಎಡಮೇಲೆ. ಒತ್ತು ಒಂದೇ. ಅತ್ತಿಗೆ ಓದಿದರು.

ಶುರುವನ್ನು ಹನ್ನೆರಡು ಸೆಕೆಂಡಿಗೆ ಇಳಿಸಿದೆವು. ಥಂಬ್‌ನೇಲ್‌ನಲ್ಲಿ ಇದ್ದದ್ದೇ ಮೊದಲ ದೃಶ್ಯ: ಬಕೆಟ್ಟಿನಿಂದ ಕತ್ತಿ ಮೇಲೇಳುತ್ತದೆ. ಕಂಡು ಬಂದವನಿಗೆ ಸರಿಯಾದ ಮನೆಗೇ ಬಂದೆ ಎಂದು ಗೊತ್ತಾಗಬೇಕು. ಹಿನ್ನೆಲೆಯಲ್ಲಿ ಅವನ ದನಿ: ‘ಕತ್ತಿಗೆ ಈ ಬಣ್ಣ ಹತ್ತಿದರೆ ಔಷಧಿ ಹೊಡೆಯಬೇಡಿ, ಸುಣ್ಣ ಸಾಲದು. ಕತ್ತಿ ಕಬ್ಬಿಣದ್ದೇ ಇರಲಿ, ಸ್ಟೀಲು ಬೇಡ. ಸುಣ್ಣ ಎಷ್ಟು, ಯಾವುದನ್ನ ಯಾವುದಕ್ಕೆ ಸುರಿಯೋದು, ಈಗ ಮಾಡಿ ತೋರಿಸ್ತೇನೆ.’ ಇದೇ ಮಾತು ಪರದೆಯ ಮೇಲೆ ಅಕ್ಷರದಲ್ಲೂ ಇದೆ. ಯಾಕೆಂದರೆ ಮೊಬೈಲಿನ ಪಟ್ಟಿಯಲ್ಲಿ ಬೆರಳು ನಿಂತ ಕಡೆ ವೀಡಿಯೊ ಸದ್ದಿಲ್ಲದೆ ಓಡಲು ಶುರುವಾಗುತ್ತದೆ. ಕೋಲ್ಮನ್ ಕತೆ ಕೊನೆಗೆ ಹೋಯಿತು, ಮಳೆಗಾಲ ಕಳೆದ ಮೇಲೆ ಕೂತು ನೋಡುವವರಿಗೆ.

ಹೊಸ ಗೆರೆಯಲ್ಲೂ ಹನ್ನೆರಡನೆಯ ಸೆಕೆಂಡಿನ ಬಳಿ ಒಂದು ಮೆಟ್ಟಿಲು ಇಳಿದಿದೆ. ಆಮೇಲೆ ಗೆರೆ ಬಹಳ ದೂರದವರೆಗೆ ಇಳಿಯುವುದಿಲ್ಲ. ಅವನಿಗೆ ಆ ಮೆಟ್ಟಿಲಿನದೇ ಬೇಸರ. ‘ನೋಡಿ, ಇಲ್ಲೇ ಇಷ್ಟು ಜನ ಹೋದ್ರು.’ ನನಗೆ ಹೋದವರ ಮುಖ ನೋಡಬೇಕೆನಿಸುತ್ತಿತ್ತು.

ಎರಡನೆಯ ಸಲದ ಔಷಧಿ ಹೊಡೆಯುವಾಗ ಒಬ್ಬರನ್ನು ನೋಡಿದೆ. ಪಕ್ಕದ ತೋಟದ ಭಾವ ನಮ್ಮ ಅಂಗಳದಲ್ಲಿ ನಿಂತು, ಸದ್ದು ಹಾಕದೆ, ಆ ಹನ್ನೆರಡು ಸೆಕೆಂಡು ನೋಡಿದರು. ಮೊಬೈಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು.

‘ನಿಮ್ಮನೆ ಸೊಪ್ಪಿನ ಕತ್ತಿ ಎಲ್ಲಿಟ್ಟೀರಿ? ನಮ್ಮಲ್ಲಿರೋದು ಎಲ್ಲ ಸ್ಟೀಲೇ ಮಾರಾಯ್ರೆ’ ಅಂದರು. ಕತ್ತಿ ಕೊಟ್ಟೆ. ಮಸೆಯುವ ಕಲ್ಲಿಗೆ ಎರಡು ಸಲ ಎಳೆದು, ಹನಿ ಬೀಳುವುದರೊಳಗೆ ತೋಟದ ದಾರಿ ಹಿಡಿದರು.